ಕಲಾಸಿಪಾಳ್ಯದ ಬೆಳಗಿನ ರೇಟು: ಚಾನೆಲ್ಲೋ, ಗ್ರೂಪೋ, ಫೋನೋ, ಸರ್ಕಾರಿ ಪಟ್ಟಿಯೋ?

ಕಳೆದ ತಿಂಗಳು ಒಂದು ದಿನ ಬೆಳಗ್ಗೆ ಆರೂಕಾಲಿಗೆ, ಪಿಜಿ ಮೆಸ್ ನಡೆಸುವ ಅಕ್ಕ ಒಬ್ಬರು ಕಲಾಸಿಪಾಳ್ಯದ ನಮ್ಮ ಸಗಟು ತರಕಾರಿ ಅಂಗಡಿಗೆ ಬಂದರು. ಕೈಯಲ್ಲಿ ಫೋನು ಹಿಡಿದಿದ್ದರು. "ಅಣ್ಣ, ಟೊಮೆಟೊ ಬಾಕ್ಸ್ 310 ಅಂತ ನೀವೇ ಹಾಕಿದ್ದೀರಿ. ನಿಮ್ಮ ಹುಡುಗ 420 ಅಂತಾನಲ್ಲ?" ಅಂದರು. ನೋಡಿದೆ. ನಮ್ಮದೇ ವಾಟ್ಸ್ಯಾಪ್ ಚಾನೆಲ್, ನಮ್ಮದೇ ರೇಟು. ಆದರೆ ಯಾರೋ ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲಿನ ತಾರೀಖಿನ ಸಾಲು ಕತ್ತರಿಸಿ ಹೋಗಿತ್ತು. ಅದು ಹಿಂದಿನ ದಿನದ ಪಟ್ಟಿ. ಅದೂ ಅಲ್ಲದೆ 310 ಇದ್ದದ್ದು ಎರಡನೇ ದರ್ಜೆಯ ಹಣ್ಣಿಗೆ. ಅಕ್ಕ ಬನಶಂಕರಿಯಿಂದ ಆಟೊ ಮಾಡಿಕೊಂಡು ಬಂದಿದ್ದರು. ಅವರದ್ದೇನೂ ತಪ್ಪಿರಲಿಲ್ಲ. ಪಟ್ಟಿ ಬರೆದವರು ನಾವು, ಎಲ್ಲಿ ಕತ್ತರಿಸಿದರೂ ಅರ್ಥ ಕೆಡದ ಹಾಗೆ ಬರೆಯಬೇಕಾದವರೂ ನಾವೇ.

ಅವತ್ತಿನಿಂದ ದಿನ ಮತ್ತು ಗಂಟೆಯನ್ನು ಪಟ್ಟಿಯ ತಲೆಯಲ್ಲಿ, ನಡುವೆ, ಕೊನೆಯಲ್ಲಿ, ಹೀಗೆ ಮೂರು ಕಡೆ ಬರೆಯುತ್ತಿದ್ದೇವೆ. ಜೊತೆಗೆ, ಚಾನೆಲ್‌ಗೆ ಹೊಸದಾಗಿ ಬರುವವರಿಗೆ ಈ ಪೋಸ್ಟು. ತರಕಾರಿ ರೇಟು ತಿಳಿಯಲು ಈಗ ನಾಲ್ಕೈದು ದಾರಿಗಳಿವೆ. ಎಲ್ಲವೂ ಎಲ್ಲರಿಗೂ ಅಲ್ಲ. ನಮ್ಮ ಚಾನೆಲ್ ಕೂಡ ಎಲ್ಲರಿಗೂ ಅಲ್ಲ. ನಿಮ್ಮ ವ್ಯಾಪಾರಕ್ಕೆ ಯಾವುದು ಹೊಂದುತ್ತದೆ ಅಂತ ನೋಡಿಕೊಂಡು ಆಮೇಲೆ ಸೇರಿ.

ಮೊದಲು, ರೇಟು ಅಂದರೆ ಏನು

ನಮ್ಮ ಪಟ್ಟಿಯ ಒಂದು ಸಾಲು ಹೀಗಿರುತ್ತದೆ:

"ಮಂಗಳವಾರ ಬೆಳಗ್ಗೆ 4.40. ನಾಟಿ ಟೊಮೆಟೊ, 15 ಕೆಜಿ ಬಾಕ್ಸ್. ಒಂದನೇದು 420, ಎರಡನೇದು 330."

ಇದರಲ್ಲಿ ನಾಲ್ಕು ವಿಷಯ ಇದೆ. ಯಾವ ಹೊತ್ತು, ಯಾವ ಜಾತಿ, ಎಷ್ಟು ತೂಕ, ಯಾವ ದರ್ಜೆ. ಈ ನಾಲ್ಕರಲ್ಲಿ ಒಂದು ಬಿಟ್ಟುಹೋದರೂ ಆ ರೇಟು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಆಟೊ ಬಾಡಿಗೆ ಕೊಟ್ಟು ಬಂದು ಜಗಳ ಆಡುವುದಕ್ಕೆ ಮಾತ್ರ ಬರುತ್ತದೆ.

ತೂಕದ ವಿಷಯದಲ್ಲಿ ಮೋಸ ಹೋಗುವವರು ಜಾಸ್ತಿ. ಕೋಲಾರದ ಕಡೆಯಿಂದ ಬರುವ ಟೊಮೆಟೊ ಬಾಕ್ಸಿಗೆ 15 ಕೆಜಿ ಲೆಕ್ಕ. ಬೇರೆ ಕಡೆಯಿಂದ ದೊಡ್ಡ ಕ್ರೇಟ್‌ನಲ್ಲೂ ಬರುತ್ತದೆ. ಎರಡನ್ನೂ ಬಾಯಲ್ಲಿ "ಬಾಕ್ಸ್" ಅಂತಲೇ ಹೇಳುತ್ತಾರೆ. ಒಬ್ಬರು 420 ಅಂತಾರೆ, ಇನ್ನೊಬ್ಬರು 600 ಅಂತಾರೆ. ಕೇಳಿದ ತಕ್ಷಣ ಎರಡನೆಯವರು ದುಬಾರಿ ಅನಿಸುತ್ತದೆ. ಅವರ ಕ್ರೇಟು 24 ಕೆಜಿ ಇದ್ದರೆ ಕೆಜಿಗೆ 25 ರೂಪಾಯಿ ಬಿತ್ತು, ನಮ್ಮದು 28 ಆಯಿತು. ಹಾಗಾಗಿ ಯಾರ ಹತ್ತಿರ ರೇಟು ಕೇಳಿದರೂ ಮುಂದಿನ ಪ್ರಶ್ನೆ "ಎಷ್ಟು ಕೆಜಿ?" ಅಂತಲೇ ಇರಲಿ. ಸೊಪ್ಪಿಗೆ ನೂರು ಕಟ್ಟಿನ ಲೆಕ್ಕ. ಕಟ್ಟು ದಪ್ಪವೋ ಸಣ್ಣವೋ ಅನ್ನುವುದು ಮೆಸೇಜಿನಲ್ಲಿ ಕಾಣುವುದಿಲ್ಲ. ಅದಕ್ಕೇ ಸೊಪ್ಪಿನ ರೇಟಿನ ಜೊತೆ ಒಂದು ಕಟ್ಟನ್ನು ತಕ್ಕಡಿ ಮೇಲಿಟ್ಟು ತೆಗೆದ ಫೋಟೊ ಹಾಕುತ್ತೇವೆ.

ಇನ್ನು ದರ್ಜೆ. ನಮ್ಮಲ್ಲಿ ಒಂದನೇದು ಅಂದರೆ ಗಟ್ಟಿಯಾಗಿ, ಹೆಚ್ಚುಕಡಿಮೆ ಒಂದೇ ಸೈಜಿನ, ಅರ್ಧ ಬಣ್ಣ ತಿರುಗಿದ ಹಣ್ಣು. ಎರಡನೇದು ಅಂದರೆ ಸೈಜು ಏರುಪೇರು, ಪೂರ್ತಿ ಹಣ್ಣಾಗಿದೆ, ಅಲ್ಲಲ್ಲಿ ಚುಕ್ಕಿ ಇರಬಹುದು. ಪಕ್ಕದ ಅಂಗಡಿಯವರ ಒಂದನೇದು ನಮ್ಮ ಎರಡನೇದಕ್ಕೆ ಸಮ ಇರಬಹುದು, ತಿರುಗಾ ಮುರುಗಾ ಕೂಡ ಆಗಬಹುದು. ಇದಕ್ಕೆ ಅಳತೆಗೋಲು ಇಲ್ಲ. ಬಂದು ನೋಡಲೇಬೇಕು. ನೋಡುವಾಗ ಮೇಲಿನ ಸಾಲನ್ನು ನಂಬಬೇಡಿ. ಬಾಕ್ಸನ್ನು ಸ್ವಲ್ಪ ಎತ್ತಿ ತಳ ನೋಡಿ. ರಸ ಜಿನುಗಿ ತಳ ಒದ್ದೆಯಾಗಿದ್ದರೆ ಒಳಗೆ ಒಡೆದ ಹಣ್ಣಿದೆ ಅಂತ ಅರ್ಥ. ಒಂದು ಒಡೆದರೆ ಸಂಜೆಯೊಳಗೆ ಪಕ್ಕದ ನಾಲ್ಕನ್ನು ಕೆಡಿಸುತ್ತದೆ.

ಫೋನು ಮಾಡಿ ಕೇಳುವುದು

ಇದು ಹಳೆಯ ದಾರಿ, ಈಗಲೂ ಒಳ್ಳೆಯ ದಾರಿ. ಇಪ್ಪತ್ತು ಬಾಕ್ಸ್‌ಗಿಂತ ಜಾಸ್ತಿ ಬೇಕು, ಮದುವೆ ಅಡುಗೆಗೆ ಬೇಕು, ಇಂಥದ್ದೇ ಸೈಜು ಬೇಕು ಅನ್ನುವವರು ಚಾನೆಲ್ ನೋಡುತ್ತಾ ಕೂರಬೇಡಿ. ಹಿಂದಿನ ದಿನ ಸಂಜೆಯೇ ಫೋನು ಮಾಡಿ. ನಾವು ಲೋಡು ಇಳಿಯುವಾಗಲೇ ನಿಮ್ಮದನ್ನು ಬೇರೆ ಎತ್ತಿಡುತ್ತೇವೆ. ಸಂಜೆ ಹೇಳುವ ರೇಟು ಅಂದಾಜು ಮಾತ್ರ. ಬೆಳಗ್ಗೆ ಲೋಡು ಬಂದ ಮೇಲೆ ಹೇಳಿದ್ದೇ ಖಾಯಂ. ಆ ಮಾತನ್ನು ಆರೂವರೆ ತನಕ ಉಳಿಸಿಕೊಳ್ಳುತ್ತೇವೆ.

ತೊಂದರೆ ಏನೆಂದರೆ, ಬೆಳಗಿನ ಜಾವ ನಾಲ್ಕರಿಂದ ಆರರ ತನಕ ನಮ್ಮ ಕೈ ಖಾಲಿ ಇರುವುದಿಲ್ಲ. ರಾತ್ರಿಯಿಂದ ಗಾಡಿಗಳು ಬರುತ್ತಲೇ ಇರುತ್ತವೆ. ಕೋಲಾರ, ಮಾಲೂರು, ಚಿಕ್ಕಬಳ್ಳಾಪುರ, ಹೊಸಕೋಟೆ ಕಡೆಯವು, ಊಟಿಯಿಂದ ಕ್ಯಾರೆಟ್ ಗಾಡಿ. ಹಮಾಲರು ಇಳಿಸುತ್ತಿರುತ್ತಾರೆ, ಒಬ್ಬರು ತೂಗುತ್ತಿರುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಿರುತ್ತಾರೆ. ಆ ಹೊತ್ತಿಗೆ ಮೂವತ್ತು ಜನ "ಬೀನ್ಸ್ ಎಷ್ಟು?" ಅಂತ ಕೇಳಲು ಫೋನು ಮಾಡಿದರೆ, ನಿಜವಾಗಿ ಬೀನ್ಸ್ ತೆಗೆದುಕೊಳ್ಳುವವರ ಫೋನು ಸಿಗದೆ ಹೋಗುತ್ತದೆ. ಚಾನೆಲ್ ಶುರು ಮಾಡಿದ್ದೇ ಈ ಕಾರಣಕ್ಕೆ. ಬರೀ ರೇಟು ಕೇಳುವುದಿದ್ದರೆ ಚಾನೆಲ್ ನೋಡಿ. ಮಾಲು ಹಿಡಿದಿಡಬೇಕಿದ್ದರೆ ಫೋನು ಮಾಡಿ.

ಗ್ರೂಪು ಯಾಕೆ ಬಿಟ್ಟೆವು

ಮೊದಲು ನಮ್ಮದೂ ವಾಟ್ಸ್ಯಾಪ್ ಗ್ರೂಪೇ ಇತ್ತು. 2023ರ ಜುಲೈ ನೆನಪಿದೆಯಲ್ವಾ? ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ ತಿಂಗಳು ಅದು. ಒಂದೇ ಬೆಳಗ್ಗೆ ಮೂರು ಸಲ ರೇಟು ಬದಲಾಗುತ್ತಿತ್ತು. ನಾಲ್ಕೂವರೆಗೆ ನಾವು ಹಾಕಿದ ರೇಟು ಐದು ಗಂಟೆಗೆ ಎಲ್ಲೋ ಮೇಲೆ ಹೋಗಿರುತ್ತಿತ್ತು. ಅದರ ಕೆಳಗೆ ಗುಡ್ ಮಾರ್ನಿಂಗ್ ಹೂವು, ದೇವರ ಫೋಟೊ, "ನಮ್ಮ ಏರಿಯಾದಲ್ಲಿ ಇಷ್ಟಿದೆ" ಅನ್ನುವ ಮಾತು, ಬೇರೆ ಮಂಡಿಯವರ ರೇಟು. ಹೊಸದಾಗಿ ನೋಡುವವರಿಗೆ ಯಾವುದು ನಮ್ಮದು, ಯಾವುದು ಇವತ್ತಿನದು ಅಂತ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ತೊಂದರೆ ನಮಗೆ ತಡವಾಗಿ ಹೊಳೆಯಿತು. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ತಳ್ಳುಗಾಡಿ ಇಟ್ಟುಕೊಂಡ ಒಬ್ಬ ಹೆಣ್ಣುಮಗಳಿಗೆ ಗುರುತಿಲ್ಲದ ನಂಬರುಗಳಿಂದ ಸಾಲದ ಮೆಸೇಜು ಬರತೊಡಗಿತು. ನಂಬರು ಸಿಕ್ಕಿದ್ದು ನಮ್ಮ ಗ್ರೂಪಿನಿಂದ. ಅವರು ಬಂದು ಹೇಳಿದಾಗ ನಮಗೆ ನಿಜಕ್ಕೂ ಬೇಸರವಾಯಿತು. ಗ್ರೂಪಿಗೆ 1,024 ಜನ ಅನ್ನುವ ಮಿತಿಯೂ ಇದೆ, ಆದರೆ ನಾವು ಬಿಟ್ಟಿದ್ದು ಮಿತಿಯ ಕಾರಣಕ್ಕಲ್ಲ, ಈ ಕಾರಣಕ್ಕೆ.

ನಡುವೆ ಬ್ರಾಡ್‌ಕಾಸ್ಟ್ ಲಿಸ್ಟನ್ನೂ ನೋಡಿದೆವು. ಅದರಲ್ಲಿ ಒಂದು ಲಿಸ್ಟಿಗೆ 256 ಜನ. ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜು ತಲುಪುತ್ತದೆ. ಅರ್ಧ ಜನ ಸೇವ್ ಮಾಡಿರಲಿಲ್ಲ. "ನನಗೆ ಬರಲೇ ಇಲ್ಲ" ಅಂತ ಅವರು, "ಕಳಿಸಿದ್ದೀವಲ್ಲ" ಅಂತ ನಾವು. ಸ್ಟೇಟಸ್‌ಗೂ ಇದೇ ಕಥೆ, ಅದು ಒಂದು ದಿನಕ್ಕೆ ಅಳಿಸಿಯೂ ಹೋಗುತ್ತದೆ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ವಾಟ್ಸ್ಯಾಪ್ ಚಾನೆಲ್ ಬಂತು. ಚಾನೆಲ್‌ನಲ್ಲಿ ಹಾಕುವವರು ನಾವು ಮಾತ್ರ, ಓದುವವರು ನೀವು. ನಿಮ್ಮ ನಂಬರು ಬೇರೆ ಓದುಗರಿಗೆ ಕಾಣುವುದಿಲ್ಲ. ನಮ್ಮ ಫೋನಿನಲ್ಲಿ ನಿಮ್ಮ ನಂಬರು ಮೊದಲೇ ಸೇವ್ ಆಗಿಲ್ಲದಿದ್ದರೆ ನಮಗೂ ಕಾಣುವುದಿಲ್ಲ. ಹಾಕಿದ ಪೋಸ್ಟುಗಳು ಒಂದು ತಿಂಗಳ ತನಕ ಇರುತ್ತವೆ. ಹಾಗಾಗಿ "ಹೋದ ವಾರ ಇದೇ ದಿನ ಎಷ್ಟಿತ್ತು?" ಅಂತ ಬೆರಳಿನಲ್ಲಿ ಮೇಲೆ ಎಳೆದು ನೋಡಬಹುದು. ದಿನಾ ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಅಂಗಡಿಯವರು ಹೇಳುವ "ರೇಟು ಏರಿದೆ" ಅನ್ನುವ ಮಾತನ್ನು ನೀವೇ ಪರೀಕ್ಷೆ ಮಾಡಿಕೊಳ್ಳಬಹುದು, ನಮ್ಮ ಮಾತನ್ನೂ ಸೇರಿಸಿ.

ಚಾನೆಲ್‌ನಲ್ಲಿ ನಿಮಗೆ ಸಿಗದೇ ಇರುವುದು ಚರ್ಚೆ. ನಾಲ್ಕು ಜನ ವ್ಯಾಪಾರಿಗಳು ಸೇರಿ "ನಾಳೆ ಒಂದು ಗಾಡಿ ಮಾಡಿಕೊಳ್ಳೋಣ, ಬಾಡಿಗೆ ಹಂಚಿಕೊಳ್ಳೋಣ" ಅಂತ ಮಾತಾಡಲು ಗ್ರೂಪೇ ಸರಿ. ಜಯನಗರದ ಕಡೆಯ ಐದಾರು ಮೆಸ್‌ನವರು ಹಾಗೇ ಒಂದು ಚಿಕ್ಕ ಗ್ರೂಪು ಮಾಡಿಕೊಂಡಿದ್ದಾರೆ. ರೇಟು ನಮ್ಮ ಚಾನೆಲ್‌ನಲ್ಲಿ ನೋಡುತ್ತಾರೆ, ಗಾಡಿಯ ಮಾತು ಅವರ ಗ್ರೂಪಿನಲ್ಲಿ ಆಡುತ್ತಾರೆ. ನನ್ನ ಕೇಳಿದರೆ ಸಣ್ಣ ವ್ಯಾಪಾರಿಗಳಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ.

ಸರ್ಕಾರಿ ಪಟ್ಟಿ ಮತ್ತು ಹಾಪ್‌ಕಾಮ್ಸ್ ಬೋರ್ಡು

ಕೆಲವರು ಕೇಳುತ್ತಾರೆ, "ಸರ್ಕಾರದ ವೆಬ್‌ಸೈಟಿನಲ್ಲಿ ಬೇರೆ ಇದೆಯಲ್ಲ?" ಅಂತ. ಇರುತ್ತದೆ. ಎರಡೂ ಸರಿಯೇ ಇರಬಹುದು. agmarknet.gov.in ನಲ್ಲಿ ಎಪಿಎಂಸಿಗಳ ದಿನದ ಆವಕ ಮತ್ತು ದರ ಸಿಗುತ್ತದೆ. ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲೂ ಸಿಗುತ್ತದೆ. ಅಲ್ಲಿ ದರ ಕ್ವಿಂಟಾಲ್ ಲೆಕ್ಕ, ಅಂದರೆ 100 ಕೆಜಿಗೆ. 2,600 ಅಂತ ಕಂಡರೆ ಕೆಜಿಗೆ 26. ಕನಿಷ್ಠ, ಗರಿಷ್ಠ ಅಂತ ಎರಡು ಇರುತ್ತವೆ, ಜೊತೆಗೆ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು ಅನ್ನುವ ಮೂರನೆಯದು. ನೀವು ನೋಡಬೇಕಾದ್ದು ಆ ಮೂರನೆಯದನ್ನು. ಕನಿಷ್ಠ ದರಕ್ಕೆ ಹೋದದ್ದು ಬಹುಶಃ ನೀವು ಕೊಳ್ಳದ ಮಾಲು.

ಅದು ವ್ಯಾಪಾರ ಮುಗಿದ ಮೇಲೆ ದಾಖಲಾಗುವ ದರ. ಬೆಳಗ್ಗೆ ಐದಕ್ಕೆ ಹೊರಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ವರ್ಷದ ಕಾಂಟ್ರಾಕ್ಟು ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದು ಹಾಸ್ಟೆಲ್ಲಿಗೆ ವರ್ಷವಿಡೀ ಒಂದೇ ರೇಟಿಗೆ ತರಕಾರಿ ಕೊಡುತ್ತೇನೆ ಅಂತ ಸಹಿ ಹಾಕುವ ಮೊದಲು, ಹಿಂದಿನ ಮೂರು ವರ್ಷ ಮೇ, ಜೂನ್, ಜುಲೈನಲ್ಲಿ ಟೊಮೆಟೊ, ಬೀನ್ಸ್ ಎಲ್ಲಿಗೆ ಹೋಗಿತ್ತು ಅಂತ ಅಲ್ಲಿ ನೋಡಿ. ನಮ್ಮ ಚಾನೆಲ್‌ನ ಒಂದು ತಿಂಗಳು ನೋಡಿ ಸಹಿ ಹಾಕಬೇಡಿ. ರೈತರಿಗೂ ಅಷ್ಟೇ. ಯಾವ ಮಾರುಕಟ್ಟೆಗೆ ಕಳಿಸಲಿ ಅಂತ ಯೋಚಿಸುವಾಗ ಹಲವು ಊರಿನ ದರ ಒಂದೇ ಕಡೆ ಸಿಗುವುದು ಅಲ್ಲೇ. ನಾವು ಹಾಕುವುದು ನಾವು ಮಾರುವ ರೇಟು. ಅದನ್ನು ನೋಡಿ ರೈತರು ತಮಗೂ ಅಷ್ಟೇ ಸಿಗುತ್ತದೆ ಅಂತ ಲೆಕ್ಕ ಹಾಕಬಾರದು.

ಹಾಪ್‌ಕಾಮ್ಸ್ ಮಳಿಗೆಯ ರೇಟು ಚಿಲ್ಲರೆ ರೇಟು. ಒಂದು ಕೆಜಿ, ಅರ್ಧ ಕೆಜಿ ಕೊಳ್ಳುವ ಮನೆಯವರಿಗೆ. ಅದನ್ನು ನಮ್ಮ ರೇಟಿನ ಪಕ್ಕ ಇಟ್ಟು "ನೀವು ಎಷ್ಟು ಲಾಭ ಹೊಡೀತೀರಿ" ಅಂತ ಕೇಳಬಾರದು. ಆದರೆ ಅದಕ್ಕೆ ಒಂದು ಒಳ್ಳೆಯ ಉಪಯೋಗ ಇದೆ. ನಿಮ್ಮ ಮನೆ ಬಾಗಿಲಿಗೆ ಬರುವ ಹೊತ್ತಿಗೆ ನಮ್ಮ ತರಕಾರಿ ಅವರ ಬೋರ್ಡಿಗಿಂತ ದುಬಾರಿ ಬೀಳುವುದಾದರೆ, ಅವತ್ತು ಕಲಾಸಿಪಾಳ್ಯಕ್ಕೆ ಬರಬೇಡಿ. ಅದನ್ನು ಲೆಕ್ಕ ಹಾಕುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೆಸ್ ಅಕ್ಕನ ಲೆಕ್ಕ

ಮೇಲೆ ಹೇಳಿದ ಅಕ್ಕನ ಜೊತೆ ಅವತ್ತು ಟೀ ಕುಡಿಯುತ್ತಾ ಒಂದು ಲೆಕ್ಕ ಹಾಕಿದೆವು. ಬಿಲ್ಲಿನ ಹಿಂದೆ ಬರೆದದ್ದು, ಅವರೇ ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಅವರಿಗೆ ಮೂರು ದಿನಕ್ಕೆ 30 ಕೆಜಿ ಟೊಮೆಟೊ ಬೇಕು. ಅಂದರೆ ಎರಡು ಬಾಕ್ಸ್.

ಒಂದನೇದು 420ರ ಹಾಗೆ ಎರಡು ಬಾಕ್ಸಿಗೆ 840. ಹಮಾಲಿ 20. ಆಟೊ 250, ಆದರೆ ಅದರಲ್ಲಿ ಬೇರೆ ತರಕಾರಿಯೂ ಸೇರಿ 150 ಕೆಜಿ ಹೋಗುತ್ತದೆ, ಹಾಗಾಗಿ ಟೊಮೆಟೊ ಪಾಲಿಗೆ 50. ಒಟ್ಟು 910. ಮೂರು ದಿನದಲ್ಲಿ ಎಸೆಯುವುದು ಸುಮಾರು 2 ಕೆಜಿ. ಪಾತ್ರೆಗೆ ಬೀಳುವುದು 28 ಕೆಜಿ. ಕೆಜಿಗೆ 32 ರೂಪಾಯಿ 50 ಪೈಸೆ.

ಎರಡನೇದು 330ರ ಹಾಗೆ 660. ಹಮಾಲಿ, ಆಟೊ ಅಷ್ಟೇ. ಒಟ್ಟು 730. ಅವತ್ತೇ ಎಲ್ಲಾ ಅಡುಗೆಗೆ ಹಾಕಿದರೆ ಎಸೆಯುವುದು 6 ಕೆಜಿ, ಉಳಿದ 24 ಕೆಜಿಗೆ ಕೆಜಿಗೆ 30 ಚಿಲ್ಲರೆ. ಒಂದನೇದಕ್ಕಿಂತ ಎರಡು ರೂಪಾಯಿ ಅಗ್ಗ. ಆದರೆ ಅಕ್ಕ ಮೂರು ದಿನ ಇಡುತ್ತಾರೆ. ಪೂರ್ತಿ ಹಣ್ಣಾದದ್ದು ಮೂರನೇ ದಿನಕ್ಕೆ ಮೆತ್ತಗಾಗುತ್ತದೆ, 10 ಕೆಜಿ ಹೋಗುತ್ತದೆ. 730ನ್ನು 20ರಿಂದ ಭಾಗಿಸಿದರೆ 36 ರೂಪಾಯಿ 50 ಪೈಸೆ. ಬಾಕ್ಸಿಗೆ 90 ರೂಪಾಯಿ ಅಗ್ಗ ಅಂತ ತೆಗೆದುಕೊಂಡದ್ದು ಕೆಜಿಗೆ 4 ರೂಪಾಯಿ ದುಬಾರಿ ಆಯಿತು.

ಹಾಗಂತ ಎರಡನೇದು ಕೆಟ್ಟ ಮಾಲಲ್ಲ. ಮದುವೆ ಅಡುಗೆಯವರಿಗೆ, ಅವತ್ತೇ ಸಾರು, ಗೊಜ್ಜು ಮಾಡಿ ಮುಗಿಸುವ ಹೋಟೆಲಿನವರಿಗೆ ಅದೇ ಸರಿ. ಇಡುವವರಿಗೆ ಸರಿ ಅಲ್ಲ.

ಇನ್ನೊಂದು ಲೆಕ್ಕ. ಬರೀ ಟೊಮೆಟೊಗೋಸ್ಕರ ಆಟೊ ಮಾಡಿಕೊಂಡು ಬಂದರೆ ಏನಾಗುತ್ತದೆ? 840, ಹಮಾಲಿ 20, ಆಟೊ ಪೂರ್ತಿ 250. ಒಟ್ಟು 1,110. 28 ಕೆಜಿಗೆ ಹಂಚಿದರೆ ಕೆಜಿಗೆ 39 ರೂಪಾಯಿ 60 ಪೈಸೆ. ಅವತ್ತು ಅವರ ಬೀದಿಯ ಅಂಗಡಿಯಲ್ಲಿ 40 ಇತ್ತು, ಅದೂ ಆರಿಸಿಕೊಳ್ಳಬಹುದು. ನಲವತ್ತು ಪೈಸೆಗೋಸ್ಕರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರಬೇಕಾ? ಬೇಡ. ನಾನೇ ಹೇಳಿದೆ, "ಅಕ್ಕ, 100 ಕೆಜಿ ಆಗುವ ಹಾಗಿದ್ದರೆ ಮಾತ್ರ ಬನ್ನಿ. ಇಲ್ಲದಿದ್ದರೆ ಅಲ್ಲೇ ತಗೊಳ್ಳಿ."

ಈ ಲೆಕ್ಕದಲ್ಲಿ ರೇಟು ದಿನಾ ಬದಲಾಗುತ್ತದೆ, ಬಾಡಿಗೆ ನಿಮ್ಮ ಏರಿಯಾ ಮೇಲೆ ಹೋಗುತ್ತದೆ. ಎಷ್ಟು ಎಸೆಯುತ್ತೀರಿ ಅನ್ನುವುದನ್ನು ನೀವೇ ಒಂದು ವಾರ ತೂಗಿ ನೋಡಬೇಕು. ಯಾರೂ ತೂಗುವುದಿಲ್ಲ, ಅದೇ ತೊಂದರೆ. ಕಸದ ಬುಟ್ಟಿಗೆ ಹೋಗುವುದನ್ನು ಒಂದು ಚೀಲದಲ್ಲಿ ಹಾಕಿ ಮೂರನೇ ದಿನ ತಕ್ಕಡಿಗೆ ಇಡಿ, ಸಾಕು. ಹೂಕೋಸಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಎಲೆ, ದಂಟು ತೆಗೆದ ಮೇಲೆ ಉಳಿಯುವ ಹೂವು ಎಷ್ಟು ಅಂತ ಒಮ್ಮೆ ತೂಗಿದವರು ಆಮೇಲೆ ಎಲೆ ಕತ್ತರಿಸಿದ ಮಾಲನ್ನೇ ಕೇಳುತ್ತಾರೆ, ರೇಟು ಜಾಸ್ತಿ ಇದ್ದರೂ.

ನಾವು ಯಾವಾಗ ಏನು ಹಾಕುತ್ತೇವೆ

ಮೊದಲ ಪಟ್ಟಿ ನಾಲ್ಕೂವರೆಯಿಂದ ಐದರ ಒಳಗೆ. ಆಗಷ್ಟೇ ದೊಡ್ಡ ಲೋಡುಗಳು ಬಂದಿರುತ್ತವೆ. ಮಳೆ ಬಂದು ಗಾಡಿ ತಡವಾದ ದಿನ ಐದೂಕಾಲು ಆಗಬಹುದು. ರೇಟು ಬದಲಾದರೆ ಹಳೆಯ ಪೋಸ್ಟನ್ನು ತಿದ್ದುವುದಿಲ್ಲ. ಚಾನೆಲ್‌ನಲ್ಲಿ ಹಾಕಿದ್ದನ್ನು ಆಮೇಲೆ ತಿದ್ದಲು ಅವಕಾಶ ಇದೆ, ಆದರೆ ತಿದ್ದಿದರೆ ನೀವು ನೋಡಿ ಹೊರಟ ರೇಟು ಮಾಯವಾಗುತ್ತದೆ. ಅದು ಸರಿಯಲ್ಲ. ಹೊಸ ಗಂಟೆ ಹಾಕಿ ಹೊಸ ಸಾಲು ಬರೆಯುತ್ತೇವೆ, ಹಳೆಯದು ಹಾಗೇ ಇರುತ್ತದೆ.

ಏಳು ಗಂಟೆಯ ಮೇಲೆ ಇನ್ನೊಂದು ಪೋಸ್ಟು ಬರಬಹುದು, ಉಳಿದ ಮಾಲಿನದ್ದು. ಆ ಹೊತ್ತಿಗೆ ರೇಟು ಇಳಿಯುತ್ತದೆ, ಸೊಪ್ಪಿಗಂತೂ ಬೇಗ ಇಳಿಯುತ್ತದೆ, ಯಾಕೆಂದರೆ ಬಿಸಿಲೇರಿದರೆ ಬಾಡುತ್ತದೆ. ಇದು ಅಗ್ಗ ಅಂತ ಕಾಯುವವರಿದ್ದಾರೆ. ಕಾಯಿರಿ, ತಪ್ಪಿಲ್ಲ. ಆದರೆ ಆಗ ಸಿಗುವುದು ಬೇರೆಯವರು ಆರಿಸಿ ಬಿಟ್ಟ ಮಾಲು. ಮಧ್ಯಾಹ್ನದ ಊಟಕ್ಕೆ ಹಾಕುವವರಿಗೆ ಲಾಭ, ಸಂಜೆ ತಳ್ಳುಗಾಡಿಯಲ್ಲಿ ಮಾರುವವರಿಗೆ ನಷ್ಟ.

ಹಬ್ಬದ ಹಿಂದಿನ ಮೂರು ದಿನ ಪಟ್ಟಿಯ ಕೆಳಗೆ ಒಂದು ಸಾಲು ಹೆಚ್ಚಿಗೆ ಇರುತ್ತದೆ. ಆಯುಧಪೂಜೆಗೆ ಬೂದುಗುಂಬಳ ಏರುವುದು ಎಲ್ಲರಿಗೂ ಗೊತ್ತು. ಬೇಕಾದವರು ವಾರದ ಮೊದಲೇ ತೆಗೆದಿಟ್ಟರೆ ಏನೂ ಆಗುವುದಿಲ್ಲ, ಅದು ಕೆಡುವ ಕಾಯಿ ಅಲ್ಲ. ಅವರೆಕಾಯಿ ಕಾಲದಲ್ಲಿ ಅವರೆಗೆ ಬೇರೆಯೇ ಪೋಸ್ಟು ಹಾಕುತ್ತೇವೆ. ಸೊಗಡು ಇದೆಯೋ ಇಲ್ಲವೋ ಅನ್ನುವುದು ಫೋಟೊದಲ್ಲಿ ಗೊತ್ತಾಗುವುದಿಲ್ಲ, ಹಾಗಾಗಿ ಯಾವ ಕಡೆಯ ಕಾಯಿ, ಯಾವಾಗ ಕಿತ್ತದ್ದು ಅಂತ ಬರೆಯುತ್ತೇವೆ.

ಈರುಳ್ಳಿ, ಆಲೂಗಡ್ಡೆ ರೇಟು ನಮ್ಮಲ್ಲಿ ಇರುವುದಿಲ್ಲ. ಅದಕ್ಕೆ ಯಶವಂತಪುರದ ಕಡೆ ವಿಚಾರಿಸಿ.

ಸೇರುವುದು ಹೇಗೆ

ಅಂಗಡಿಯ ತಕ್ಕಡಿ ಪಕ್ಕದ ಕಂಬದ ಮೇಲೆ ಒಂದು ಕ್ಯೂಆರ್ ಅಂಟಿಸಿದ್ದೇವೆ, ಬಿಲ್ಲಿನ ಹಿಂದೆಯೂ ಅದೇ ಇದೆ. ಫೋನಿನ ಕ್ಯಾಮೆರಾ ತೆರೆದು ಅದರ ಮೇಲೆ ಹಿಡಿಯಿರಿ. ಒಂದು ಲಿಂಕು ಬರುತ್ತದೆ, ಒತ್ತಿದರೆ ವಾಟ್ಸ್ಯಾಪ್‌ನಲ್ಲೇ ಚಾನೆಲ್ ತೆರೆಯುತ್ತದೆ. ಅಲ್ಲಿ Follow ಅಂತ ಇರುವುದನ್ನು ಒತ್ತಿ. ದುಡ್ಡು ಇಲ್ಲ, ಹೆಸರು ಬರೆಯುವುದಿಲ್ಲ, ಓಟಿಪಿ ಬರುವುದಿಲ್ಲ.

ಇಷ್ಟಕ್ಕೇ ಬಿಟ್ಟರೆ ಒಂದು ತೊಂದರೆ ಇದೆ. ಚಾನೆಲ್‌ನ ಸದ್ದು ಮೊದಲಿಗೆ ಆಫ್ ಆಗಿರುತ್ತದೆ. ಪೋಸ್ಟು ಬಂದರೂ ಫೋನು ಸುಮ್ನೆ ಇರುತ್ತದೆ. "ಸೇರಿದ್ದೀನಿ ಆದ್ರೆ ಏನೂ ಬರಲ್ಲ" ಅಂತ ಹೇಳುವವರಲ್ಲಿ ಹತ್ತಕ್ಕೆ ಒಂಬತ್ತು ಜನರದ್ದು ಇದೇ. ಚಾನೆಲ್ ತೆರೆದು ಮೇಲ್ಗಡೆ ಇರುವ ಬೆಲ್ ಗುರುತನ್ನು ಒಮ್ಮೆ ಒತ್ತಿ. ಇನ್ನೊಂದು, ನಮ್ಮ ಪೋಸ್ಟನ್ನು ಚಾಟ್‌ಗಳ ನಡುವೆ ಹುಡುಕಬೇಡಿ. ಅದು Updates ಅನ್ನುವ ಜಾಗದಲ್ಲಿ, ಸ್ಟೇಟಸ್‌ಗಳ ಕೆಳಗೆ ಇರುತ್ತದೆ.

ಅಂಗಡಿಗೆ ಬರಲು ಆಗದವರು ಗುರುತಿನವರ ಹತ್ತಿರ ಲಿಂಕು ಕೇಳಿ. ಅದು whatsapp.com/channel/ ಅಂತ ಶುರುವಾಗಬೇಕು. ಬೇರೆ ಯಾವುದೋ ಹೆಸರಿನಿಂದ ಶುರುವಾದರೆ ಒತ್ತಬೇಡಿ. ಹೆಸರು ಹಾಕಿ ಹುಡುಕಿದರೆ ಅದೇ ಥರದ ಹೆಸರಿನ ಚಾನೆಲ್‌ಗಳು ಬೇರೆಯೂ ಬರುತ್ತವೆ, ಯಾರು ಬೇಕಾದರೂ ಯಾವ ಹೆಸರಿನಲ್ಲಾದರೂ ಮಾಡಬಹುದು. ನಿಮಗೆ ಸಿಕ್ಕಿದ್ದು ನಮ್ಮದೇನಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ದಿನದ ಮೊದಲ ಪೋಸ್ಟಿನ ಜೊತೆ ನಮ್ಮ ಅಂಗಡಿಯ ಬೋರ್ಡಿನ ಫೋಟೊ ಇರುತ್ತದೆ, ಅಪ್ಪ ಚಾಕ್‌ಪೀಸಿನಲ್ಲಿ ಅವತ್ತಿನ ತಾರೀಖು ಬರೆದದ್ದು.

ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಚಾನೆಲ್‌ನಲ್ಲಿ ನಾವು ಅಡ್ವಾನ್ಸ್ ಕೇಳುವುದಿಲ್ಲ. ನೀವು ಫಾಲೋ ಮಾಡಿದ ಮಾತ್ರಕ್ಕೆ ನಿಮ್ಮ ನಂಬರು ನಮಗೆ ಸಿಗುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ. ಹಾಗಿರುವಾಗ ಯಾರಾದರೂ "ನೀವು ನಮ್ಮ ಚಾನೆಲ್‌ನಲ್ಲಿದ್ದೀರಿ, ಇವತ್ತು ಬೀನ್ಸ್ ಅಗ್ಗ ಇದೆ, ಎರಡು ಸಾವಿರ ಹಾಕಿ, ಎತ್ತಿಡ್ತೀವಿ" ಅಂತ ಮೆಸೇಜು ಮಾಡಿದರೆ ಅದು ನಾವಲ್ಲ. ನಮ್ಮ ಹಳೆಯ ಗಿರಾಕಿಗಳ ನಂಬರು ನಮ್ಮ ಹತ್ತಿರ ಇದೆ, ಅವರಿಗೂ ಮಾಲು ಎತ್ತಿಟ್ಟು ಆಮೇಲೆ ದುಡ್ಡು ತೆಗೆದುಕೊಳ್ಳುವುದೇ ನಮ್ಮ ಪದ್ಧತಿ. ಅನುಮಾನ ಬಂದರೆ ಬಿಲ್ಲಿನ ಮೇಲಿನ ನಂಬರಿಗೆ ಫೋನು ಮಾಡಿ ಕೇಳಿ, ಆ ಫೋನನ್ನು ಎಂಥ ಗಡಿಬಿಡಿಯಲ್ಲೂ ಎತ್ತುತ್ತೇವೆ.

ರೇಟನ್ನು ಬೇರೆಯವರಿಗೆ ಕಳಿಸುವುದಿದ್ದರೆ ಸ್ಕ್ರೀನ್‌ಶಾಟ್ ಬೇಡ, ಪೋಸ್ಟನ್ನೇ ಫಾರ್ವರ್ಡ್ ಮಾಡಿ. ಹಾಗೆ ಮಾಡಿದರೆ ನಮ್ಮ ಚಾನೆಲ್ಲಿನ ಹೆಸರು ಅದರ ಜೊತೆಗೇ ಹೋಗುತ್ತದೆ, ನೋಡಿದವರು ಒತ್ತಿ ಇವತ್ತಿನದನ್ನು ನೋಡಬಹುದು. ಬನಶಂಕರಿಯ ಅಕ್ಕ ಈಗ ಹಾಗೇ ಮಾಡುತ್ತಾರೆ. ಅವರ ಪಕ್ಕದ ರಸ್ತೆಯ ಇನ್ನಿಬ್ಬರು ಮೆಸ್‌ನವರು ಅವರ ಜೊತೆ ಸೇರಿದ್ದಾರೆ. ಮೂವರದ್ದೂ ಸೇರಿ ವಾರಕ್ಕೆ ಎರಡು ದಿನ ಒಂದೇ ಗಾಡಿ ಬರುತ್ತದೆ, ಐದೂವರೆಗೆ ಲೋಡು ಮಾಡಿ ಆರಕ್ಕೆ ಹೊರಡುತ್ತದೆ.

ಸ್ಮಾರ್ಟ್‌ಫೋನ್ ಇಲ್ಲದವರು ಬಿಲ್ಲಿನ ಮೇಲಿನ ನಂಬರಿಗೆ ಆರೂವರೆ ಮೇಲೆ ಫೋನು ಮಾಡಿ, ಪಟ್ಟಿ ಓದಿ ಹೇಳುತ್ತೇವೆ. ಮಂಡಿಗೆ ರಜೆ ಇರುವ ದಿನ ಹಿಂದಿನ ಸಂಜೆಯೇ "ನಾಳೆ ಇಲ್ಲ" ಅಂತ ಚಾನೆಲ್‌ನಲ್ಲಿ ಹಾಕುತ್ತೇವೆ. ಯಾವುದಾದರೂ ದಿನ ಐದೂವರೆ ದಾಟಿದರೂ ಪೋಸ್ಟು ಬಂದಿಲ್ಲ ಅಂದರೆ ಲೋಡು ಇನ್ನೂ ದಾರಿಯಲ್ಲಿದೆ ಅಂತ ತಿಳಿಯಿರಿ, ನಿನ್ನೆಯ ರೇಟು ನೋಡಿಕೊಂಡು ಮನೆ ಬಿಡಬೇಡಿ.